ಕ್ಯಾನ್ಸಲ್ ಆದಮೇಲೂ ಬಾಕ್ಸ್ ಬಂತಾ? ತಿಂಗಳ ಪಾರ್ಸಲ್ ನಿಲ್ಲಿಸುವ ಕ್ರಮ

ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುವ ಬಾಕ್ಸುಗಳು ಈಗ ದಾವಣಗೆರೆಯಲ್ಲೂ ಮಾಮೂಲು. ಮಕ್ಕಳ ಚಟುವಟಿಕೆ ಕಿಟ್, ಕಾಫಿಪುಡಿ, ಸಿರಿಧಾನ್ಯದ ತಿಂಡಿ, ಪುಸ್ತಕ, ನಾಯಿಮರಿಯ ಆಹಾರ, ಹೀಗೆ. ಸೇರುವುದು ಎರಡು ನಿಮಿಷದ ಕೆಲಸ. ಬಿಡುವಾಗ ಮಾತ್ರ ತೊಡಕು. ಕ್ಯಾನ್ಸಲ್ ಒತ್ತಿ, ಆಯ್ತು ಅಂತ ಮೆಸೇಜೂ ಬಂದಮೇಲೆ ಡೆಲಿವರಿ ಹುಡುಗನ ಫೋನ್ ಬರುತ್ತದೆ: "ಅಕ್ಕಾ, ನಿಮ್ದೊಂದು ಪಾರ್ಸಲ್ ಐತಿ, ಮನೆ ಹತ್ರ ಇದೀರಾ?"

ಕಂಪನಿ ಮೋಸ ಮಾಡಿತು ಅಂತ ತಕ್ಷಣ ಅನ್ನಿಸುತ್ತದೆ. ಎಷ್ಟೋ ಸಲ ಹಾಗಿರುವುದಿಲ್ಲ. ನಾವು ನಿಲ್ಲಿಸಬೇಕಾದದ್ದು ಮೂರು, ನಿಲ್ಲಿಸಿದ್ದು ಒಂದೇ ಆಗಿರುತ್ತದೆ. ಸಬ್‌ಸ್ಕ್ರಿಪ್ಷನ್ ಇರುವುದು ಕಂಪನಿಯ ಲೆಕ್ಕದಲ್ಲಿ. ಆಟೋಪೇ ಇರುವುದು ನಿಮ್ಮ ಬ್ಯಾಂಕು ಅಥವಾ ಯುಪಿಐ ಆ್ಯಪಿನಲ್ಲಿ. ಈ ತಿಂಗಳ ಬಾಕ್ಸ್ ಇರುವುದು ಗೋಡೌನಿನಲ್ಲೋ ಲಾರಿಯಲ್ಲೋ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಆ್ಯಪ್ ಡಿಲೀಟ್ ಮಾಡಿದರೆ ಈ ಮೂರರಲ್ಲಿ ಒಂದೂ ನಿಲ್ಲುವುದಿಲ್ಲ.

ಮೊದಲು ತಾರೀಖು ನೋಡಿ

ಕ್ಯಾನ್ಸಲ್ ಒತ್ತುವ ಮೊದಲು ಕಂಪನಿಯ ನಿಯಮದಲ್ಲಿ ಎರಡು ತಾರೀಖು ಹುಡುಕಿ. ಒಂದು ದುಡ್ಡು ಕಡಿತವಾಗುವ ದಿನ. ಇನ್ನೊಂದು ಕಟ್-ಆಫ್, ಅಂದರೆ ಆ ತಿಂಗಳು ಯಾರ್ಯಾರಿಗೆ ಬಾಕ್ಸ್ ಹೋಗಬೇಕು ಅಂತ ಪಟ್ಟಿ ಮುಗಿಸುವ ದಿನ. ಇವೆರಡು ಒಂದೇ ಇರಬೇಕೆಂದಿಲ್ಲ. ದುಡ್ಡು 5ನೇ ತಾರೀಖು ಕಡಿತವಾಗಿ, ಕಟ್-ಆಫ್ ಹಿಂದಿನ ತಿಂಗಳ 30ಕ್ಕೇ ಮುಗಿದಿರಬಹುದು. 2ನೇ ತಾರೀಖು ಕ್ಯಾನ್ಸಲ್ ಮಾಡಿದವರು "ದುಡ್ಡೇ ಕಟ್ಟಾಗಿಲ್ಲ, ಬಾಕ್ಸ್ ಹೇಗೆ ಬರುತ್ತೆ" ಅಂದುಕೊಂಡಿರುತ್ತಾರೆ. ಬರುತ್ತದೆ, ದುಡ್ಡೂ ಕಟ್ಟಾಗುತ್ತದೆ.

ಸದ್ಯ, ದುಡ್ಡಿನ ಕಡೆಯಿಂದ ಒಂದು ಎಚ್ಚರಿಕೆ ಗಂಟೆ ಇದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಆಟೋಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು. ಯಾರಿಗೆ, ಎಷ್ಟು, ಯಾವ ದಿನ ಅಂತ ಅದರಲ್ಲಿ ಇರುತ್ತದೆ. ಈ ಬಾಕ್ಸುಗಳ ಬೆಲೆಯೆಲ್ಲ ₹15,000ಕ್ಕಿಂತ ಕಡಿಮೆ, ಆದ್ದರಿಂದ ಪ್ರತಿ ತಿಂಗಳು ಒಟಿಪಿ ಕೇಳುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ನಿಮಗೆ ಸಿಗುವ ಸುಳಿವು ಆ ಮೆಸೇಜ್ ಒಂದೇ. ಆಫರ್ ಮೆಸೇಜುಗಳ ರಾಶಿಯಲ್ಲಿ ಅದೂ ಕಳೆದುಹೋಗುತ್ತದೆ ಅನ್ನುವುದು ಬೇರೆ ಮಾತು.

ನಿಲ್ಲಿಸುವ ಕ್ರಮ

ಮೊದಲು ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪಿಗೆ ಹೋಗಿ ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿ. ಅಲ್ಲಿ Pause, Skip, Cancel ಅಂತ ಮೂರು ಇರಬಹುದು. ಸ್ಕಿಪ್ ಅಂದರೆ ಒಂದು ತಿಂಗಳು ಬಿಟ್ಟು ಮತ್ತೆ ಶುರು. ಪಾಸ್ ಅಂದರೆ ತಡೆದು ಇಡುವುದು, ಅದೂ ಒಂದು ದಿನ ತಾನೇ ಎದ್ದು ಕೂರಬಹುದು. ಕ್ಯಾನ್ಸಲ್ ಬಟನ್ ಮಂಕಾದ ಬೂದು ಬಣ್ಣದಲ್ಲಿ ಕೆಳಗಿರುತ್ತದೆ, ಪಾಸ್ ದಪ್ಪಗೆ ಹಸಿರಲ್ಲಿ ಮೇಲಿರುತ್ತದೆ. ಕಾರಣ ಕೇಳುವ ಪುಟ, ರಿಯಾಯಿತಿ ತೋರಿಸುವ ಪುಟ ದಾಟಿ, ಕೊನೆಗೆ ಕ್ಯಾನ್ಸಲ್ ಆಗಿದೆ ಅನ್ನುವ ಪುಟ ಬರುವ ತನಕ ನಿಲ್ಲಬೇಡಿ. ಎಷ್ಟೋ ಜನ ರಿಯಾಯಿತಿ ಪುಟದಲ್ಲೇ ಮುಗಿಯಿತೆಂದು ಫೋನ್ ಕೆಳಗಿಡುತ್ತಾರೆ.

ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಮೇಲೆ ಗಡಿಯಾರ ಕಾಣುವ ಹಾಗೆ. ಈ ಗಡಿಯಾರ ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಯುಪಿಐ ಆ್ಯಪ್ ತೆಗೆದು Autopay ವಿಭಾಗದಲ್ಲಿ ಆ ಕಂಪನಿಯ ಹೆಸರು ಹುಡುಕಿ ರದ್ದು ಮಾಡಿ. ಪಿನ್ ಕೇಳುತ್ತದೆ, ಹಾಕಿ. ಕೆಲವು ಸಲ ಅಲ್ಲಿ ಬಾಕ್ಸ್ ಕಂಪನಿಯ ಹೆಸರಿರುವುದಿಲ್ಲ, ನಡುವೆ ಇರುವ ಪೇಮೆಂಟ್ ಕಂಪನಿಯ ಹೆಸರಿರುತ್ತದೆ. ಆಗ ಮೊತ್ತ ಮತ್ತು ತಾರೀಖು ನೋಡಿ ಗುರುತಿಸಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಸೈಟಿನಲ್ಲಿ ಇ-ಮ್ಯಾಂಡೇಟ್ ಅಂತ ಇರುತ್ತದೆ. ಕಾರ್ಡಾಗಲಿ ಯುಪಿಐ ಆಗಲಿ, ಇದನ್ನು ನಿಲ್ಲಿಸಲು ಕಂಪನಿಯ ಒಪ್ಪಿಗೆ ಬೇಕಿಲ್ಲ.

ಬರೀ ಆಟೋಪೇ ನಿಲ್ಲಿಸಿ ಸುಮ್ನೆ ಕೂತರೆ ಆಗಲ್ವಾ? ಮುಂದಿನ ಕಡಿತ ತಪ್ಪುತ್ತದೆ, ನಿಜ. ಆದರೆ ಕಂಪನಿಯ ಲೆಕ್ಕದಲ್ಲಿ ನೀವು ಇನ್ನೂ ಗಿರಾಕಿ, ದುಡ್ಡು ಬಾಕಿ ಉಳಿಸಿಕೊಂಡವರು. ಮೆಸೇಜು, ಫೋನು ಶುರುವಾಗುತ್ತದೆ. ಈಗಾಗಲೇ ದುಡ್ಡು ಕೊಟ್ಟ ಬಾಕ್ಸ್ ಹೇಗಿದ್ದರೂ ಬರುತ್ತದೆ. ಹಾಗಾಗಿ ಕಂಪನಿ ಮೊದಲು, ಆಟೋಪೇ ನಂತರ. ನಾಳೆಯೇ ಕಡಿತ ಇದ್ದು, ಸೈಟ್ ಕೈಕೊಡುತ್ತಿದ್ದರೆ ಮಾತ್ರ ಕ್ರಮ ತಿರುಗಿಸಿ: ಆಟೋಪೇ ಮೊದಲು ನಿಲ್ಲಿಸಿ, ಆಮೇಲೆ ಕಂಪನಿಗೆ ಈಮೇಲ್ ಹಾಕಿ.

ಬಾಕ್ಸ್ ಈಗ ಯಾರ ಕೈಯಲ್ಲಿದೆ?

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಅದಕ್ಕೆ ಗೋಡೌನಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ.

ಪಟ್ಟಿ ಮುಗಿದ ಮೇಲೆ ಒಂದೇ ಸಲಕ್ಕೆ ನೂರಾರು ಲೇಬಲ್ ಪ್ರಿಂಟ್ ಆಗುತ್ತವೆ. ಒಂದೊಂದು ಲೇಬಲ್ ಮೇಲೂ ಬಾರ್‌ಕೋಡ್, ಅದರ ಕೆಳಗೆ ಎಡಬ್ಲ್ಯೂಬಿ ನಂಬರ್. ಇದೇ ನಿಮ್ಮ ಟ್ರ್ಯಾಕಿಂಗ್ ನಂಬರ್. ಲೇಬಲ್ ಪ್ರಿಂಟ್ ಆದ ಕೂಡಲೇ ನಿಮಗೆ "ನಿಮ್ಮ ಬಾಕ್ಸ್ ಹೊರಟಿದೆ" ಅಂತ ಮೆಸೇಜ್ ಬಂದುಬಿಡಬಹುದು. ಬಾಕ್ಸ್ ಇನ್ನೂ ಗೋಡೆ ಪಕ್ಕದ ಸಾಲಿನಲ್ಲೇ ಕೂತಿರುತ್ತದೆ. ಸಂಜೆ ಕೊರಿಯರ್ ಗಾಡಿ ಬರುತ್ತದೆ, ಹುಡುಗ ಒಂದೊಂದನ್ನೂ ಟಿಕ್ ಟಿಕ್ ಅಂತ ಸ್ಕ್ಯಾನ್ ಮಾಡಿ ಗೋಣಿಚೀಲಕ್ಕೆ ಹಾಕುತ್ತಾನೆ. ಪಿಕಪ್ ಸ್ಕ್ಯಾನ್ ಅಂದರೆ ಇದು. ಇದಾಗುವ ತನಕ ಬಾಕ್ಸ್ ಕಂಪನಿಯ ಕೈಯಲ್ಲಿ. ಆದಮೇಲೆ ಕೊರಿಯರ್ ಕೈಯಲ್ಲಿ.

ಟ್ರ್ಯಾಕಿಂಗ್ ಪುಟದಲ್ಲಿ Label Created, Manifested, Ready for Pickup ಅಂತಿದ್ದರೆ ಬಾಕ್ಸ್ ಇನ್ನೂ ಗೋಡೌನಿನಲ್ಲಿದೆ. ಇಂಥದ್ದನ್ನು ಎತ್ತಿಡಬಹುದು. ನಾನೂರು ಒಂದೇ ಬಣ್ಣದ ಡಬ್ಬಗಳ ನಡುವೆ ನಿಮ್ಮದನ್ನು ಹುಡುಕಬೇಕು, ಕೆಲಸದವರಿಗೆ ಅದು ಬೇಜಾರಿನ ಕೆಲಸ, ಆದರೆ ಆಗದ ಕೆಲಸವಲ್ಲ. ನೀವು ಆರ್ಡರ್ ನಂಬರ್, ಎಡಬ್ಲ್ಯೂಬಿ ನಂಬರ್ ಎರಡನ್ನೂ ಕೊಟ್ಟರೆ ಕೊರಿಯರ್ ಪೋರ್ಟಲಿನಲ್ಲಿ ಆ ಲೇಬಲನ್ನು ರದ್ದು ಮಾಡುತ್ತಾರೆ. ಗೊತ್ತಾಗದೆ ಗಾಡಿಗೆ ಹತ್ತಿಸಲು ಹೋದರೂ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುವ ಸಾಧ್ಯತೆ ಇರುತ್ತದೆ.

Picked Up ಅಥವಾ In Transit ಅಂತ ಬಂದಿದ್ದರೆ ಎತ್ತಿಡುವ ಮಾತು ಮುಗಿಯಿತು. ಬೆಂಗಳೂರಿಂದ ಹೊರಟ ಲಾರಿಯನ್ನು ತುಮಕೂರಲ್ಲೋ ಚಿತ್ರದುರ್ಗದಲ್ಲೋ ನಿಲ್ಲಿಸಿ ನಿಮ್ಮ ಡಬ್ಬ ಇಳಿಸುವವರು ಯಾರೂ ಇಲ್ಲ. ಆಗ ಉಳಿಯುವುದು ಒಂದೇ ದಾರಿ, ಆರ್‌ಟಿಒ. ಸಾರಿಗೆ ಕಚೇರಿಯಲ್ಲ! ಪಾರ್ಸಲ್ ಹೊರಟ ಜಾಗಕ್ಕೇ ವಾಪಸ್ ಹೋಗುವುದಕ್ಕೆ ಕೊರಿಯರಿನವರು ಹೇಳುವ ಹೆಸರು. ಇದನ್ನು ಕಂಪನಿ ತನ್ನ ಪೋರ್ಟಲಿನಿಂದ ಕೇಳಬಹುದು, ಇಲ್ಲವೇ ನೀವು ಬಾಗಿಲಲ್ಲಿ ಬೇಡ ಅನ್ನಬಹುದು. ಕೊರಿಯರಿನ ಸಹಾಯವಾಣಿಗೆ ನೀವು ಫೋನ್ ಮಾಡಿ ಪ್ರಯೋಜನವಿಲ್ಲ. ಅವರಿಗೆ ದುಡ್ಡು ಕೊಡುವ ಗಿರಾಕಿ ಕಂಪನಿ, ನೀವಲ್ಲ.

ಒಂದು ಲೆಕ್ಕ ಹಾಕಿ ನೋಡೋಣ

ವಿದ್ಯಾನಗರದ ಒಬ್ಬ ತಾಯಿ ಮಗುವಿಗೆ ತಿಂಗಳಿಗೆ ₹799ರ ಚಟುವಟಿಕೆ ಬಾಕ್ಸ್ ತರಿಸುತ್ತಾರೆ ಅಂದುಕೊಳ್ಳಿ. 5ಕ್ಕೆ ಕಡಿತ, 6ರ ರಾತ್ರಿ ಕಟ್-ಆಫ್, 7 ಮತ್ತು 8ಕ್ಕೆ ಪ್ಯಾಕಿಂಗ್. ಅವರು ಕ್ಯಾನ್ಸಲ್ ಮಾಡಿದ್ದು 8ರ ಬೆಳಿಗ್ಗೆ 11ಕ್ಕೆ. ಕಟ್-ಆಫ್ ದಾಟಿದೆ, ಪಿಕಪ್ ಆಗಿಲ್ಲ. ಕ್ಯಾನ್ಸಲ್ ಪುಟದಲ್ಲಿ "ಮುಂದಿನ ತಿಂಗಳಿಂದ ನಿಲ್ಲುತ್ತದೆ" ಅಂತ ಬಂತು. ಹಾಗೇ ಬಿಟ್ಟರೆ ಬಾಕ್ಸ್ ಬಂದೇ ಬರುತ್ತದೆ. ಆದ್ದರಿಂದ ಅವರು ಬೇರೆಯಾಗಿ ಒಂದು ಈಮೇಲ್ ಕಳಿಸುತ್ತಾರೆ:

"ನನ್ನ ಸಬ್‌ಸ್ಕ್ರಿಪ್ಷನ್ ಇಂದು 11 ಗಂಟೆಗೆ ಕ್ಯಾನ್ಸಲ್ ಮಾಡಿದ್ದೇನೆ. ಈ ತಿಂಗಳ ಬಾಕ್ಸ್ ಇನ್ನೂ ಪಿಕಪ್ ಆಗಿಲ್ಲ ಎಂದು ಟ್ರ್ಯಾಕಿಂಗ್ ತೋರಿಸುತ್ತಿದೆ, ಚಿತ್ರ ಲಗತ್ತಿಸಿದ್ದೇನೆ. ದಯವಿಟ್ಟು ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ, ನಾನು ತೆಗೆದುಕೊಳ್ಳದೆ ವಾಪಸ್ ಕಳಿಸಿದಾಗ ಎಷ್ಟು ದುಡ್ಡು ಮರಳಿಸುತ್ತೀರಿ ಎಂದು ತಿಳಿಸಿ."

ಕೊನೆಯ ವಾಕ್ಯವೇ ಮುಖ್ಯ. ಬಾಗಿಲಲ್ಲಿ ಬೇಡ ಅಂದರೆ ದುಡ್ಡು ತಾನಾಗಿ ವಾಪಸ್ ಬರುತ್ತದೆ ಅಂತ ನಂಬಿರುವವರು ಬಹಳ. ಹಾಗೇನೂ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸರಕು ದೋಷದ್ದಾಗಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ, ಹೇಳಿದ ಸಮಯಕ್ಕಿಂತ ತಡವಾಗಿ ಬಂದರೆ ಮಾರಾಟಗಾರ ವಾಪಸ್ ತೆಗೆದುಕೊಳ್ಳಲು ಒಲ್ಲೆ ಅನ್ನುವ ಹಾಗಿಲ್ಲ. ನಮಗೆ ಮನಸ್ಸು ಬದಲಾದದ್ದಕ್ಕೆ ಈ ರಕ್ಷಣೆ ಇಲ್ಲ. ಅಲ್ಲಿ ಕಂಪನಿಯ ರಿಟರ್ನ್ ನಿಯಮವೇ ಅಂತಿಮ. ಕಟ್-ಆಫ್ ದಾಟಿದ ಮೇಲೆ ರಿಫಂಡ್ ಇಲ್ಲ ಅಂತ ಮೊದಲೇ ಬರೆದಿದ್ದು, ಈಗಲೂ ಅದನ್ನೇ ಹೇಳಿದರೆ, ವಾಪಸ್ ಕಳಿಸಿದವರಿಗೆ ದುಡ್ಡೂ ಇಲ್ಲ, ಬಾಕ್ಸೂ ಇಲ್ಲ. ಅಂಥ ಹೊತ್ತಲ್ಲಿ ಸಿಟ್ಟು ನುಂಗಿಕೊಂಡು ತೆಗೆದುಕೊಳ್ಳುವುದೇ ಜಾಣತನ. ಮಗುವಿಗಾದರೂ ಆಟಕ್ಕಾಗುತ್ತದೆ. ತಿಂಡಿ, ಕಾಫಿಪುಡಿ ಬಾಕ್ಸಿಗಂತೂ ಇದು ಇನ್ನೂ ನಿಜ. ವಾಪಸ್ ಹೋದ ತಿಂಡಿಯನ್ನು ಮತ್ತೆ ಯಾರಿಗೂ ಮಾರಲಾಗದು, ಹಾಗಾಗಿ ರಿಫಂಡ್ ಸಿಗುವುದು ಅಪರೂಪ.

ನಮ್ಮ ಉದಾಹರಣೆಯ ತಾಯಿಗೆ ಸಂಜೆ 7ಕ್ಕೆ ಉತ್ತರ ಬಂತು ಅಂದುಕೊಳ್ಳೋಣ: "ನಿಮ್ಮ ಬಾಕ್ಸ್ ಆಗಲೇ ಹೊರಟಿದೆ, ವಾಪಸ್ ಬಂದರೆ ಸಾಗಾಟ ಖರ್ಚು ಕಳೆದು ಉಳಿದದ್ದು ಕೊಡುತ್ತೇವೆ." ಟ್ರ್ಯಾಕಿಂಗ್‌ನಲ್ಲಿ ಪಿಕಪ್ ಸ್ಕ್ಯಾನ್ ಸಂಜೆ 6:40ಕ್ಕೆ. ಅವರ ಈಮೇಲ್ ಹೋಗಿದ್ದು 11ರ ಹೊತ್ತಿಗೆ. ಅಂದರೆ ಬೇಡ ಅಂದಮೇಲೂ ಏಳು ಗಂಟೆಗೂ ಹೆಚ್ಚು ಕಾಲ ಬಾಕ್ಸ್ ಗೋಡೌನಿನಲ್ಲೇ ಇತ್ತು. ಇದನ್ನು ಹೇಳಿ, ಸಾಗಾಟ ಖರ್ಚನ್ನೂ ಕಳೆಯಬೇಡಿ ಅಂತ ಕೇಳಬಹುದು. ಮೇಲೆ ಹೇಳಿದ ಇ-ಕಾಮರ್ಸ್ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಆರ್ಡರ್ ಖಚಿತವಾದ ಮೇಲೆ ಗ್ರಾಹಕ ಕ್ಯಾನ್ಸಲ್ ಮಾಡಿದ್ದಕ್ಕೆ ಕಂಪನಿ ಶುಲ್ಕ ಹಾಕಬೇಕಾದರೆ, ತಾನಾಗಿ ಕ್ಯಾನ್ಸಲ್ ಮಾಡಿದಾಗ ಅಂಥದ್ದೇ ಶುಲ್ಕವನ್ನು ತಾನೂ ಹೊರಬೇಕು. ಹೀಗೆ ಹೊರುವ ಕಂಪನಿ ಕಾಣಸಿಗುವುದು ಕಷ್ಟ. ಆದರೂ ಸಾಗಾಟ ಖರ್ಚು ಬೇರೆ, ಕ್ಯಾನ್ಸಲ್ ಶುಲ್ಕ ಬೇರೆ ಅಂತ ಅವರು ವಾದಿಸಬಹುದು. ಗೆದ್ದೇ ಗೆಲ್ಲುತ್ತೀರಿ ಅಂತ ಹೇಳಲಾರೆ, ಕೇಳಿದವರಿಗೆ ಬಿಟ್ಟುಕೊಡುವುದು ಮಾತ್ರ ಉಂಟು.

ಈ ಹಂತದಲ್ಲಿ ಕಂಪನಿ ವ್ಯಾಲೆಟ್ ಕ್ರೆಡಿಟ್ ಕೊಡಲು ಬರುತ್ತದೆ. ಬಿಟ್ಟು ಹೋಗುವವರಿಗೆ ಅದೇ ಅಂಗಡಿಯ ಕ್ರೆಡಿಟ್ ಯಾಕೆ? ದುಡ್ಡು ಕೊಟ್ಟ ಖಾತೆಗೇ ಬರಲಿ ಅಂತ ಬರೆಯಿರಿ.

ಬಾಗಿಲಲ್ಲಿ

ಬೇಡ ಅನ್ನುವುದೆಂದು ತೀರ್ಮಾನವಾದರೆ ಮೊದಲು ಮನೆಯವರಿಗೆಲ್ಲ ಹೇಳಿ. ಮಧ್ಯಾಹ್ನ ಅಜ್ಜಿ ಒಬ್ಬರೇ ಇರುತ್ತಾರೆ, "ಮೊಮ್ಮಗಂದು ಬಂದೈತಿ" ಅಂತ ಖುಷಿಯಿಂದ ತೆಗೆದುಕೊಂಡುಬಿಡುತ್ತಾರೆ. ಬೀಗ ಹಾಕಿದ್ದರೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ಕೊಟ್ಟು ಹೋಗುವ ರೂಢಿಯೂ ನಮ್ಮಲ್ಲಿದೆ. ಅಂಗಡಿಯವರಿಗೂ ಒಂದು ಮಾತು ಹೇಳಿಡಿ.

ಡೆಲಿವರಿ ಹುಡುಗ ಬಂದಾಗ, "ಇದು ಕ್ಯಾನ್ಸಲ್ ಆಗಿದೆ ತಮ್ಮ, ಬೇಡ ಅಂತ ಹಾಕು" ಅನ್ನಿ. ಅವನ ಫೋನಿನಲ್ಲಿ ಕಾರಣದ ಪಟ್ಟಿ ಇರುತ್ತದೆ. ಗ್ರಾಹಕ ಬೇಡ ಅಂದರು ಅನ್ನುವುದನ್ನೇ ಆರಿಸಬೇಕು. ಗ್ರಾಹಕ ಸಿಗಲಿಲ್ಲ ಅಂತ ಹಾಕಿದರೆ ಮರುದಿನ ಮತ್ತೆ ಬರುತ್ತಾನೆ. ಟ್ರ್ಯಾಕಿಂಗಿನಲ್ಲಿ ಮತ್ತೆ Out for Delivery ಅಂತ ಕಂಡರೆ ಹಾಗಾಗಿದೆ ಅಂತ ತಿಳಿಯಿರಿ. ಫೋನ್ ಸ್ವಿಚ್ ಆಫ್ ಮಾಡಿ ತಪ್ಪಿಸಿಕೊಳ್ಳುವುದರಿಂದಲೂ ಇದೇ ಆಗುತ್ತದೆ. ಎರಡು ಮೂರು ಸಲ ಓಡಾಡಿದ ಮೇಲೆ ವಾಪಸ್ ಹೋಗುತ್ತದೆ, ರಿಫಂಡ್ ಅಷ್ಟು ತಡ.

ಒಟಿಪಿ ವಿಷಯದಲ್ಲಿ ಹುಷಾರು. ಎರಡು ಬಗೆಯ ಒಟಿಪಿ ಬರಬಹುದು. ಒಂದು ತಲುಪಿತು ಅನ್ನುವುದಕ್ಕೆ, ಇನ್ನೊಂದು ಬೇಡ ಅಂದಿದ್ದನ್ನು ಖಚಿತಪಡಿಸುವುದಕ್ಕೆ. ಮೆಸೇಜ್ ಪೂರ್ತಿ ಓದಿ. ಅವಸರದಲ್ಲಿ ಮೊದಲನೆಯದನ್ನು ಹೇಳಿಬಿಟ್ಟರೆ ಬಾಕ್ಸ್ ಅವನ ಚೀಲದಲ್ಲೇ ಇದ್ದರೂ ಲೆಕ್ಕದಲ್ಲಿ ನಿಮಗೆ ತಲುಪಿದ ಹಾಗೆ.

ಗೊತ್ತಾಗದೆ ಯಾರೋ ತೆಗೆದುಕೊಂಡುಬಿಟ್ಟಿದ್ದರೆ ಒಡೆಯಬೇಡಿ. ಲೇಬಲ್, ಟೇಪ್ ಕಾಣುವ ಹಾಗೆ ನಾಲ್ಕೂ ಕಡೆ ಫೋಟೋ ತೆಗೆದು ಅಂದೇ ಕಂಪನಿಗೆ ಕಳಿಸಿ, ರಿವರ್ಸ್ ಪಿಕಪ್ ಕೇಳಿ. ನೀವೇ ದುಡ್ಡು ಕೊಟ್ಟು ಕೊರಿಯರ್ ಮಾಡಿ ಅಂದರೆ, ಆ ಖರ್ಚು ಯಾರದು ಅಂತ ಮೊದಲು ಕೇಳಿ. ಟೇಪ್ ಕತ್ತರಿಸಿದ ಬಾಕ್ಸನ್ನು ಹೊಸದೆಂದು ಯಾರೂ ಒಪ್ಪುವುದಿಲ್ಲ.

ವಾಪಸ್ ಹೋಗುವ ಪಾರ್ಸಲ್ ಬಂದಷ್ಟು ಬೇಗ ಹೋಗುವುದಿಲ್ಲ. ಆತುರ ಯಾರಿಗೂ ಇಲ್ಲದ ಸರಕು ಅದು. RTO Initiated ಅಂತ ಬಂದಮೇಲೆ RTO Delivered ಆಗುವ ತನಕ ಕಾಯಬೇಕು. ಗೋಡೌನಿನಲ್ಲಿ ನೋಡಿ ಸರಿ ಇದೆ ಅಂದಮೇಲೆ ರಿಫಂಡ್ ಹಾಕುತ್ತಾರೆ. ಹಾಕಿದ್ದೇವೆ ಅಂದಮೇಲೂ ಒಂದು ವಾರ ಬರದಿದ್ದರೆ ರೆಫರೆನ್ಸ್ ನಂಬರ್ ಕೇಳಿ. ಯುಪಿಐ ಆದರೆ ಅದು 12 ಅಂಕಿಯ ಆರ್‌ಆರ್‌ಎನ್. ಅದನ್ನು ಕೊಟ್ಟರೆ ಬ್ಯಾಂಕಿನವರು ಹುಡುಕಿ ಹೇಳುತ್ತಾರೆ. ನಂಬರ್ ಕೊಡಲು ಸತಾಯಿಸಿದರೆ ದುಡ್ಡು ಇನ್ನೂ ಹೊರಟಿಲ್ಲ ಅಂತಲೇ ಅರ್ಥ.

ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದ್ದರೆ

ಇಲ್ಲಿ ಕ್ಯಾನ್ಸಲ್ ಅಂದರೆ ಹೆಚ್ಚಿನ ಕಡೆ ನವೀಕರಣ ನಿಲ್ಲುತ್ತದೆ ಅಂತಷ್ಟೇ. ಉಳಿದ ಬಾಕ್ಸುಗಳು ಬರುತ್ತಲೇ ಇರುತ್ತವೆ. ಉಳಿದ ದುಡ್ಡು ಕೊಡುತ್ತೇವೆ ಅಂದರೂ ಲೆಕ್ಕ ನಾವಂದುಕೊಂಡ ಹಾಗೆ ಇರುವುದಿಲ್ಲ. ಆರು ಬಾಕ್ಸಿಗೆ ₹4,200 ಕಟ್ಟಿದ್ದೀರಿ, ಒಂದಕ್ಕೆ ₹700 ಬಿತ್ತು. ಬಿಡಿಯಾಗಿ ತಿಂಗಳಿಗೆ ಕೊಟ್ಟರೆ ₹850 ಇತ್ತು. ಎರಡು ಬಂದಿವೆ, ಮೂರನೆಯದು ದಾರಿಯಲ್ಲಿದೆ. ನಿಮ್ಮ ಲೆಕ್ಕದಲ್ಲಿ ಮೂರು ಬಾಕ್ಸಿನ ₹2,100 ವಾಪಸ್ ಬರಬೇಕು. ಕಂಪನಿಯಾದರೆ ಕಳಿಸಿದ ಮೂರಕ್ಕೂ ₹850ರಂತೆ ₹2,550 ಹಿಡಿದು, ₹1,650 ಕೊಡಬಹುದು. ರಿಯಾಯಿತಿ ಆರೂ ತೆಗೆದುಕೊಂಡವರಿಗೆ ಮಾತ್ರ ಅಂತ ನಿಯಮದಲ್ಲಿ ಬರೆದಿದ್ದರೆ ತಕರಾರು ಮಾಡುವುದು ಕಷ್ಟ. ಬರೆದಿಲ್ಲದಿದ್ದರೆ ಕೇಳಿ. ಮೂರನೆಯದು ಪಿಕಪ್ ಆಗುವ ಮೊದಲೇ ತಡೆದಿದ್ದರೆ ₹2,500 ಸಿಗುತ್ತಿತ್ತು ನೋಡಿ.

ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ

ಕ್ಯಾನ್ಸಲ್ ಖಚಿತವಾದ ಮೇಲೆ ಹೊಸದಾಗಿ ದುಡ್ಡು ಕಡಿತವಾದರೆ, ಕಟ್-ಆಫಿಗೆ ಮೊದಲೇ ಕ್ಯಾನ್ಸಲ್ ಮಾಡಿದ್ದರೂ ಬಾಕ್ಸ್ ಬಂದರೆ, ಆಗ ತಪ್ಪು ಅವರದೇ. ಇಲ್ಲಿ ಪೂರ್ತಿ ದುಡ್ಡಿಗೆ ಕಡಿಮೆ ಒಪ್ಪಬೇಡಿ. ಇ-ಕಾಮರ್ಸ್ ಕಂಪನಿ ತನ್ನ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿ ಹಾಕಿರಬೇಕು. ಪುಟದ ತಳದಲ್ಲಿ ಹುಡುಕಿ. ದೂರು ಬಂದ 48 ಗಂಟೆಯಲ್ಲಿ ಬಂತು ಅಂತ ತಿಳಿಸಿ, ಒಂದು ತಿಂಗಳಲ್ಲಿ ಅವರು ಪರಿಹರಿಸಬೇಕು. ಚಾಟ್‌ನಲ್ಲಿ ವಾರಗಟ್ಟಲೆ ಜಗ್ಗಾಡುವುದಕ್ಕಿಂತ ಅಲ್ಲಿಗೊಂದು ಈಮೇಲ್ ಹಾಕುವುದು ಒಳ್ಳೆಯದು.

ಕ್ಯಾನ್ಸಲ್ ಬಟನ್ನೇ ಸಿಗದ ಹಾಗೆ ಬಚ್ಚಿಟ್ಟಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಲಭವಾಗಿ ಸೇರಿಸಿಕೊಂಡು ಬಿಡುವುದನ್ನು ಕಗ್ಗಂಟು ಮಾಡುವ ಸಬ್‌ಸ್ಕ್ರಿಪ್ಷನ್ ಬಲೆ ಅದರಲ್ಲೊಂದು.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಆರ್ಡರ್ ನಂಬರ್, ಕ್ಯಾನ್ಸಲ್ ಸ್ಕ್ರೀನ್‌ಶಾಟ್, ಪಿಕಪ್ ಸಮಯ ತೋರಿಸುವ ಟ್ರ್ಯಾಕಿಂಗ್ ಚಿತ್ರ, ಕಡಿತದ ಮೆಸೇಜ್, ಇಷ್ಟು ಜೋಡಿಸಿಟ್ಟುಕೊಂಡು ಫೋನ್ ಮಾಡಿ. ಟ್ರ್ಯಾಕಿಂಗ್ ಪುಟದ ಚಿತ್ರ ಅಂದಂದೇ ತೆಗೆದಿಡಿ, ಕೆಲವು ದಿನಗಳಾದ ಮೇಲೆ ಆ ಪುಟ ತೆರೆಯದೇ ಇರಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಕಂಪನಿ ಬೆಂಗಳೂರಿನದೋ ಗುರುಗ್ರಾಮದ್ದೋ ಅಂತ ಯೋಚಿಸಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ನೀವಿರುವ ಊರಿನಲ್ಲೇ, ಅಂದರೆ ದಾವಣಗೆರೆಯ ಆಯೋಗದಲ್ಲೇ ದೂರು ಕೊಡಬಹುದು. ₹5 ಲಕ್ಷದ ತನಕ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ₹799ಕ್ಕೆ ಅಷ್ಟು ದೂರ ಹೋಗುವವರು ಕಡಿಮೆ. ಆರು ತಿಂಗಳ ದುಡ್ಡು ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ಯೋಚಿಸುವಂಥದ್ದು.